ಕೊನೆಯ ದಿನ ಯಾವುದೆಂದು ಮೊದಲು ಬರೆಯಿರಿ

ಅಪ್ಪ-ಅಮ್ಮನನ್ನು ನೋಡಿಕೊಳ್ಳಲು ಕೆಲಸ ಬಿಡುವವರ ರಾಜೀನಾಮೆ ಪತ್ರ ಸಾಮಾನ್ಯವಾಗಿ ಉದ್ದವಾಗಿರುತ್ತದೆ. ಹೆಚ್ಚು ಸಂಬಳ ಸಿಕ್ಕಿ ಬೇರೆ ಕಂಪನಿಗೆ ಹೊರಟವರು ನಾಲ್ಕು ಸಾಲು ಬರೆದು ಕಳಿಸಿಬಿಡುತ್ತಾರೆ. ಊರಿಗೆ ಹೊರಟವರು ಮಾತ್ರ ಕಾರಣ ವಿವರಿಸುತ್ತಾರೆ, ಕ್ಷಮೆ ಕೇಳುತ್ತಾರೆ, ವೈದ್ಯರು ಹೇಳಿದ್ದನ್ನೆಲ್ಲ ಬರೆಯುತ್ತಾರೆ. ಸಾಫ್ಟ್‌ವೇರ್ ಟೆಸ್ಟಿಂಗ್ ತಂಡಗಳನ್ನು ನಡೆಸಿದ ವರ್ಷಗಳಲ್ಲಿ ಇಂಥ ಪತ್ರಗಳು ನನ್ನ ಕೈಗೆ ಬಂದಿವೆ. ಅವುಗಳಲ್ಲಿ ಬರೆದವರಿಗೆ ನಷ್ಟ ತರುವುದು ಸಾಮಾನ್ಯವಾಗಿ ಒಂದೇ ಸಂಗತಿ: ಇಷ್ಟೆಲ್ಲ ವಿವರಣೆಯ ನಡುವೆ ಯೋಚಿಸದೆ ಬರೆದ ದಿನಾಂಕ.

ಒಂದು ಪತ್ರವನ್ನೇ ತೆಗೆದುಕೊಳ್ಳೋಣ. ಬರೆದವಳು ಹಿಂದೆ ಎರಡು ವರ್ಷ ನನ್ನ ತಂಡದಲ್ಲಿದ್ದವಳು. ಅಲ್ಲಿಂದ ಬೆಂಗಳೂರಿನದೇ ಇನ್ನೊಂದು ಕಂಪನಿಗೆ, ಅಂಗಡಿಗಳ ಕಾರ್ಡ್ ಸ್ವೈಪ್ ಮೆಷಿನ್‌ಗೆ ಸಾಫ್ಟ್‌ವೇರ್ ಮಾಡುವಲ್ಲಿಗೆ, ಟೆಸ್ಟರ್ ಆಗಿ ಹೋದಳು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮನೆ ಧಾರವಾಡದ ಮಾಳಮಡ್ಡಿಯಲ್ಲಿ. ತಂದೆಗೆ ಪಾರ್ಕಿನ್ಸನ್ ಕಾಯಿಲೆ, ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ತಾಯಿಗೆ ಸಕ್ಕರೆ ಕಾಯಿಲೆಯ ಜೊತೆಗೆ ಕಣ್ಣಿನ ಪೊರೆ. ಅಣ್ಣ ಹೊರದೇಶದಲ್ಲಿ. ಏಜೆನ್ಸಿಯಿಂದ ಬರುವ ಆರೈಕೆಯ ಹುಡುಗರು ಹಬ್ಬ ಬಂದರೆ ಊರಿಗೆ ಹೋದವರು ತಿರುಗಿ ಬರುತ್ತಿರಲಿಲ್ಲ. ತಾಯಿ ಫೋನಿನಲ್ಲಿ ಹೇಳುತ್ತಿದ್ದುದು ಒಂದೇ: "ನೀ ನೌಕರಿ ಬಿಡಬ್ಯಾಡವಾ, ನಾವ್ ಹ್ಯಾಂಗರ ಮಾಡ್ಕೋತೀವಿ." ಆ 'ಹ್ಯಾಂಗರ' ಎಷ್ಟು ದಿನ ನಡೆದೀತು ಎಂಬುದು ಮಗಳಿಗೆ ಗೊತ್ತಿತ್ತು.

ಅವಳು ಕಳಿಸಿದ ಕರಡು ಒಂದೂವರೆ ಪುಟ ಇತ್ತು. ಯುಗಾದಿಯ ಹಿಂದಿನ ದಿನ, 2024ರ ಏಪ್ರಿಲ್ 8ರ ಸೋಮವಾರ, ಅದನ್ನು ಕಳಿಸಿ ಊರಿಗೆ ಹೊರಡುವುದು ಅವಳ ಲೆಕ್ಕ. ಕೊನೆಯ ಸಾಲಿನಲ್ಲಿ 'ನಿಯಮದಂತೆ 90 ದಿನಗಳ ನಂತರ ನನ್ನನ್ನು ಬಿಡುಗಡೆ ಮಾಡಿ' ಎಂದಿತ್ತು. ನಾನು ಕೇಳಿದ್ದು ಒಂದೇ ಪ್ರಶ್ನೆ, ಕೆಲಸಕ್ಕೆ ಸೇರಿದ್ದು ಯಾವತ್ತು ಎಂದು. 2019ರ ಜುಲೈ 15 ಎಂದಳು. ಏಪ್ರಿಲ್ 8ರಿಂದ 90 ದಿನ ಎಣಿಸಿದರೆ ಜುಲೈ 7 ಆಗುತ್ತದೆ. ಅವಳ ಐದು ವರ್ಷ ತುಂಬುವುದು ಜುಲೈ 14ಕ್ಕೆ. ಒಂದು ವಾರ ಕಡಿಮೆ.

ಆ ಒಂದು ವಾರದ ಬೆಲೆ ಗ್ರ್ಯಾಚುಯಿಟಿ. ಕಾಯಂ ನೌಕರರು ತಾವಾಗಿ ಕೆಲಸ ಬಿಟ್ಟಾಗ ಗ್ರ್ಯಾಚುಯಿಟಿ ಸಿಗಬೇಕಾದರೆ ಐದು ವರ್ಷ ನಿರಂತರ ಸೇವೆ ಆಗಿರಬೇಕು ಎಂದು 1972ರ ಕಾಯ್ದೆ ಹೇಳುತ್ತಿತ್ತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಆ ಕಾಯ್ದೆ ಸೇರಿಹೋದ ಮೇಲೂ ಕಾಯಂ ನೌಕರರಿಗೆ ಈ ಷರತ್ತು ಹಾಗೇ ಇದೆ. ಲೆಕ್ಕ ಹೀಗೆ: ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಬಂದದ್ದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. ಆಗ ವೇತನವೆಂದರೆ ಮೂಲ ವೇತನ ಮತ್ತು ತುಟ್ಟಿಭತ್ಯೆ. ಅವಳ ಮೂಲ ವೇತನ 48,000 ರೂಪಾಯಿ, ತುಟ್ಟಿಭತ್ಯೆ ಇರಲಿಲ್ಲ. ಐದು ವರ್ಷಕ್ಕೆ 1,38,461 ರೂಪಾಯಿ ಆಗುತ್ತದೆ. ಸಂಬಳ ನಿಂತ ಮೇಲೆ ಮನೆಯಲ್ಲಿ ಆರೈಕೆಗೆ ಒಬ್ಬರನ್ನು ಇಟ್ಟುಕೊಳ್ಳಲು ಎಷ್ಟೋ ತಿಂಗಳಿಗೆ ಆಗುವ ಹಣ. ನಾಲ್ಕು ವರ್ಷ ಮುಗಿದು ಐದನೆಯ ವರ್ಷದಲ್ಲಿ 240 ದಿನ ದುಡಿದಿದ್ದರೆ ಸಾಕು ಎಂದು ಮದ್ರಾಸ್ ಹೈಕೋರ್ಟ್ ಹೇಳಿದ್ದುಂಟು. ಆದರೆ ಎಲ್ಲ ಕಂಪನಿಗಳೂ ಅದನ್ನು ಒಪ್ಪಿ ಹಣ ಕೊಡುವುದಿಲ್ಲ. ಕಾಯಿಲೆಯ ತಂದೆಯನ್ನು ಮನೆಯಲ್ಲಿಟ್ಟುಕೊಂಡು ವಾದ ಹೂಡುವ ಶಕ್ತಿ ಯಾರಿಗಿದೆ? ಒಂದು ವಾರ ತಡೆದರೆ ವಾದವೇ ಬೇಡ.

ಅವಳಿಗೆ ಹೊಳೆದ ಉಪಾಯ, ಏಪ್ರಿಲ್ 8ಕ್ಕೇ ಪತ್ರ ಕೊಟ್ಟು ಕೊನೆಯ ದಿನವನ್ನು ಜುಲೈ 19 ಎಂದು ಬರೆಯುವುದು. ನೋಡಲು ಸರಿ ಅನ್ನಿಸುತ್ತದೆ, ಆದರೆ ಅದರಲ್ಲೊಂದು ಬಿರುಕಿದೆ. ನೋಟಿಸ್ ಅವಧಿ ಮುಗಿದ ದಿನವೇ ಬಿಡುಗಡೆ ಮಾಡುವ ಹಕ್ಕನ್ನು ಎಷ್ಟೋ ನೇಮಕಾತಿ ಪತ್ರಗಳು ಕಂಪನಿಯ ಕೈಯಲ್ಲಿಟ್ಟಿರುತ್ತವೆ. ಎಚ್‌ಆರ್‌ನವರು ಕೆಟ್ಟ ಉದ್ದೇಶವಿಲ್ಲದೆಯೇ, ಪೋರ್ಟಲ್ ತಾನಾಗಿ ಲೆಕ್ಕ ಹಾಕಿ ತೋರಿಸಿದ ಜುಲೈ 7ನ್ನೇ ಖಾಯಂ ಮಾಡಿಬಿಡಬಹುದು. ಅದರ ಬದಲು ಪತ್ರವನ್ನೇ ತಡವಾಗಿ ಕೊಟ್ಟರೆ 90 ದಿನ ಎಣಿಸಿದರೂ ಜುಲೈ 14 ದಾಟಿಯೇ ದಾಟುತ್ತದೆ. ಏಪ್ರಿಲ್ 19ರ ಶುಕ್ರವಾರ ಕೊಟ್ಟರೆ 90ನೆಯ ದಿನ ಜುಲೈ 18. ಕೊನೆಯ ದಿನ ಜುಲೈ 19 ಎಂದು ಬರೆದರೆ ಯಾರಿಗೂ ತಕರಾರಿಲ್ಲ. ಯುಗಾದಿಗೆ ಊರಿಗೆ ಹೋಗಲು ಅವಳಿಗೆ ಹೇಗೂ ರಜೆ ಇತ್ತು. ಪತ್ರ ಹನ್ನೊಂದು ದಿನ ಪೆಟ್ಟಿಗೆಯಲ್ಲಿ ಕಾದಿತು, ಅಷ್ಟೆ.

ಇನ್ನೊಂದು ಮಾತು. ಬಹುಪಾಲು ಕಂಪನಿಗಳಲ್ಲಿ ನೋಟಿಸ್ ಎಣಿಕೆ ಶುರುವಾಗುವುದು ಇಮೇಲ್ ಕಳಿಸಿದ ದಿನದಿಂದಲ್ಲ, ಎಚ್‌ಆರ್ ಪೋರ್ಟಲ್‌ನಲ್ಲಿ ರಾಜೀನಾಮೆ ದಾಖಲಾದ ದಿನದಿಂದ. ಶುಕ್ರವಾರ ಪತ್ರ ಕಳಿಸಿ, ಪೋರ್ಟಲ್‌ನಲ್ಲಿ ಮುಂದಿನ ವಾರ ಒತ್ತಿದರೆ ಎರಡು ಬೇರೆ ದಿನಾಂಕಗಳು ಹುಟ್ಟುತ್ತವೆ. ಎರಡನ್ನೂ ಒಂದೇ ದಿನ ಮಾಡಿ.

ದಿನಾಂಕ ಹಿಡಿದಿಟ್ಟುಕೊಂಡಿದ್ದ ಎರಡನೆಯ ಸಂಗತಿ ಗ್ರ್ಯಾಚುಯಿಟಿಗಿಂತ ದೊಡ್ಡದು, ಮತ್ತು ಅದು ಅವಳ ಕರಡಿನಲ್ಲಿ ಎಲ್ಲೂ ಇರಲಿಲ್ಲ. ಅಪ್ಪ-ಅಮ್ಮ ಇಬ್ಬರೂ ಅವಳ ಕಂಪನಿಯ ಸಮೂಹ ಆರೋಗ್ಯ ವಿಮೆಯಲ್ಲಿದ್ದರು. ಇಂಥ ಪಾಲಿಸಿಯಲ್ಲಿ ನೌಕರಳ ಹೆಸರು ಹೋದ ದಿನವೇ ಸಾಮಾನ್ಯವಾಗಿ ಹೆತ್ತವರ ಹೆಸರೂ ಹೋಗುತ್ತದೆ. ಅಂದರೆ ಅಪ್ಪನನ್ನು ನೋಡಿಕೊಳ್ಳಲು ಕೆಲಸ ಬಿಟ್ಟ ಮರುದಿನದಿಂದ ಅಪ್ಪನಿಗೆ ವಿಮೆ ಇಲ್ಲ. ಎಪ್ಪತ್ತು ದಾಟಿದ, ಪಾರ್ಕಿನ್ಸನ್ ಇರುವವರಿಗೆ ಮಾರುಕಟ್ಟೆಯಲ್ಲಿ ಹೊಸ ಪಾಲಿಸಿ ಹುಡುಕಿದರೆ ಮೊದಲು ಸಿಗುವುದೇ ಕಷ್ಟ. ಸಿಕ್ಕರೂ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೆ ಕಾಯುವ ಅವಧಿ ಹಾಕಬಹುದು. ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ನಾಲ್ಕು ವರ್ಷ ಇದ್ದದ್ದನ್ನು ಮೂರಕ್ಕೆ ಇಳಿಸಿದೆ.

ದಾರಿ ಇದೆ. ಸಮೂಹ ಪಾಲಿಸಿಯಲ್ಲಿದ್ದವರು ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಲು ನಿಯಮ ಅವಕಾಶ ಕೊಡುತ್ತದೆ. ಹಾಗೆ ಬದಲಾದರೆ ಹಳೆಯ ಪಾಲಿಸಿಯಲ್ಲಿ ಕಳೆದ ವರ್ಷಗಳು ಕಾಯುವ ಅವಧಿಯಲ್ಲಿ ವಜಾ ಆಗುತ್ತವೆ. ಅಪ್ಪ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಆ ಪಾಲಿಸಿಯಲ್ಲಿದ್ದುದರಿಂದ ಪಾರ್ಕಿನ್ಸನ್‌ಗೆ ಮತ್ತೆ ಕಾಯಬೇಕಾಗುವುದಿಲ್ಲ. ಮಿತಿಯೂ ಇದೆ: ಕಂಪನಿ ವೈದ್ಯಕೀಯ ತಪಾಸಣೆ ಕೇಳಬಹುದು, ಪ್ರೀಮಿಯಂ ಸಮೂಹ ಪಾಲಿಸಿಗಿಂತ ಬಹಳ ಹೆಚ್ಚು, ಮತ್ತು ಹಳೆಯ ಪಾಲಿಸಿಯ ಮೊತ್ತಕ್ಕಿಂತ ಜಾಸ್ತಿ ತೆಗೆದುಕೊಂಡರೆ ಜಾಸ್ತಿಯಾದ ಭಾಗಕ್ಕೆ ಕಾಯುವ ಅವಧಿ ಹೊಸದಾಗಿ ಶುರುವಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಹಳೆಯ ರಕ್ಷಣೆ ಜೀವಂತವಾಗಿರುವಾಗಲೇ, ಒಂದು ತಿಂಗಳಿಗೂ ಮುಂಚೆ, ಅರ್ಜಿ ಕೊಡಬೇಕು. ಕೆಲಸ ಬಿಟ್ಟ ಮೇಲೆ ನೆನಪಾದರೆ ಬಾಗಿಲು ಮುಚ್ಚಿರುತ್ತದೆ. ಅವಳು ಮೇ ತಿಂಗಳಲ್ಲೇ ವಿಮಾ ಕಂಪನಿಗೆ ಬರೆದಳು. ತಾಯಿಯ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು 'ಮಗಳು ಬಂದ ಮೇಲೆ ನಿಧಾನಕ್ಕೆ ಮಾಡಿಸೋಣ' ಎಂದು ಮುಂದೂಡುತ್ತಿದ್ದರು. ಅದನ್ನು ಜೂನ್‌ನಲ್ಲಿ ಹುಬ್ಬಳ್ಳಿಯಲ್ಲಿ, ಸಮೂಹ ವಿಮೆಯಲ್ಲೇ ಮಾಡಿಸಿದ್ದಾಯಿತು.

ಈಗ ಪತ್ರದ ಒಳಗಿನ ಮಾತಿಗೆ ಬರೋಣ. ಕರಡಿನ ಮೊದಲ ಅರ್ಧ ಪುಟ ತಂದೆಯ ಕಾಯಿಲೆಯ ವಿವರ: ಯಾವ ಮಾತ್ರೆ, ಎಷ್ಟು ಸಲ ಬಿದ್ದರು, ರಾತ್ರಿ ಎಷ್ಟು ಸಲ ಏಳುತ್ತಾರೆ. ಅದನ್ನೆಲ್ಲ ತೆಗೆಯಲು ಹೇಳಿದೆ. ಅದು ಅಪ್ಪನ ದೇಹದ ವಿಷಯ, ಮಗಳ ಕಂಪನಿಯ ಕಡತದಲ್ಲಿ ವರ್ಷಗಟ್ಟಲೆ ಕೂರಬೇಕಾದದ್ದಲ್ಲ. ಕೆಲವರು ಇನ್ನೊಂದು ತುದಿಗೆ ಹೋಗಿ 'ವೈಯಕ್ತಿಕ ಕಾರಣಗಳಿಂದ' ಎಂದಷ್ಟೇ ಬರೆಯಲು ಹೇಳುತ್ತಾರೆ. ನಾನು ಅದನ್ನೂ ಒಪ್ಪುವುದಿಲ್ಲ. ಎರಡು ವರ್ಷದ ನಂತರ ಮತ್ತೆ ಕೆಲಸ ಹುಡುಕುವಾಗ ನಡುವಿನ ಖಾಲಿ ಅವಧಿಯ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ. ವಯಸ್ಸಾದ ತಂದೆ-ತಾಯಿಯ ಆರೈಕೆಗಾಗಿ ಊರು ಬದಲಿಸಿದೆ ಎಂಬ ಒಂದು ಸಾಲು ಅಂದೇ ದಾಖಲಾಗಿದ್ದರೆ ಅದೇ ಉತ್ತರ. ಈ ಕಾರಣದಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ.

ಕ್ಷಮೆಯ ಸಾಲುಗಳು ಮೂರಿದ್ದವು. ತಂಡಕ್ಕೆ ತೊಂದರೆ ಕೊಡುತ್ತಿದ್ದೇನೆ, ನನ್ನ ಮೇಲಿಟ್ಟ ನಂಬಿಕೆ ಉಳಿಸಿಕೊಳ್ಳಲಾಗಲಿಲ್ಲ, ಇತ್ಯಾದಿ. ಓದಿ ನನಗೆ ಸಂಕಟವಾಯಿತು. ಒಪ್ಪಂದದಲ್ಲಿರುವ ನೋಟಿಸ್ ಕೊಟ್ಟು, ಕೆಲಸ ಒಪ್ಪಿಸಿ ಹೊರಡುವವರು ಯಾರಿಗೂ ಋಣಿಯಲ್ಲ. ಮನೆಯ ಹಿರಿಯರ ಹೊಣೆ ಹೊತ್ತವರು, ಅದರಲ್ಲೂ ಹೆಣ್ಣುಮಕ್ಕಳು, ಮನೆಯಲ್ಲಿ ನೌಕರಿಗಾಗಿಯೂ ಕಚೇರಿಯಲ್ಲಿ ಮನೆಗಾಗಿಯೂ ಕ್ಷಮೆ ಕೇಳುತ್ತಲೇ ಬದುಕುತ್ತಾರೆ. ಸಹಿ ಹಾಕುವ ಪತ್ರದಲ್ಲಾದರೂ ಅದು ಇರಬಾರದು.

ಮ್ಯಾನೇಜರ್ ಮನೆಯಿಂದ ಕೆಲಸಕ್ಕೆ ಒಪ್ಪಲಿಲ್ಲ ಎಂಬ ದೂರೂ ಒಂದು ಪ್ಯಾರಾ ಇತ್ತು. ಇಲ್ಲಿ ಕಂಪನಿಯ ಕಷ್ಟವನ್ನೂ ನೋಡಬೇಕು. ಟೆಸ್ಟರ್ ಎಂದರೆ ಲ್ಯಾಪ್‌ಟಾಪ್ ಇದ್ದರೆ ಎಲ್ಲಿಂದಲಾದರೂ ಮಾಡಬಹುದಾದ ಕೆಲಸ ಎಂದು ಹೊರಗಿನವರು ತಿಳಿಯುತ್ತಾರೆ. ಅವಳು ಪರೀಕ್ಷಿಸುತ್ತಿದ್ದುದು ಕಾರ್ಡ್ ಮೆಷಿನ್‌ಗಳನ್ನು. ಬೇರೆ ಬೇರೆ ತಯಾರಕರ ಯಂತ್ರಗಳು, ಪರೀಕ್ಷೆಗೆಂದೇ ಕೊಟ್ಟ ಕಾರ್ಡ್‌ಗಳು, ಬೇರೆ ಬೇರೆ ಜಾಲದ ಸಿಮ್‌ಗಳು ಎಲ್ಲವೂ ಕಚೇರಿಯ ಲ್ಯಾಬ್‌ನಲ್ಲಿ ಬೀಗದೊಳಗೆ. ಕಾರ್ಡನ್ನು ಕೈಯಾರೆ ಅರ್ಧ ಸೇರಿಸಿ ಹಿಂದೆಳೆದರೆ, ಹಣ ಕಡಿತವಾಗುವ ಕ್ಷಣಕ್ಕೆ ಸರಿಯಾಗಿ ಸಿಗ್ನಲ್ ಹೋದರೆ ಏನಾಗುತ್ತದೆ ಎಂದು ನೋಡುವ ಕೆಲಸ ಮಾಳಮಡ್ಡಿಯಿಂದ ಆಗದು. ಆದರೆ ಹೊಸ ಟೆಸ್ಟ್ ಕೇಸ್ ಬರೆಯುವುದು, ರಾತ್ರಿ ಓಡಿದ ಸ್ವಯಂಚಾಲಿತ ಪರೀಕ್ಷೆಗಳ ಫಲಿತಾಂಶ ನೋಡುವುದು, ಹಸ್ತಾಂತರದ ಬರವಣಿಗೆ ಇವೆಲ್ಲ ಎಲ್ಲಿಂದಲಾದರೂ ಆಗುತ್ತವೆ. ಪೂರ್ತಿ ಮನೆಯಿಂದ ಎಂದು ಕೇಳಿದ್ದಕ್ಕೆ 'ಇಲ್ಲ' ಬಂದಿತ್ತು. ನೋಟಿಸ್ ಅವಧಿಯಲ್ಲಿ ಲ್ಯಾಬ್ ಕೆಲಸ ಒಂದು ವಾರ ಬೆಂಗಳೂರಿನಲ್ಲಿ, ಉಳಿದದ್ದು ಮರುವಾರ ಧಾರವಾಡದಿಂದ ಎಂದು ಕೆಲಸವನ್ನು ಎರಡಾಗಿ ಒಡೆದು ಕೇಳಿದ ಮೇಲೆ 'ಆಗಲಿ' ಎಂಬ ಉತ್ತರ ಬಂತು. ಈ ಮಾತುಕತೆ ಪತ್ರಕ್ಕೆ ಮೊದಲೇ ಮುಗಿಯಬೇಕು. ಸಂಬಳರಹಿತ ರಜೆ, ವರ್ಗಾವಣೆ, ಅರೆಕಾಲಿಕ ಕೆಲಸ ಏನೇ ಕೇಳುವುದಿದ್ದರೂ ಆಗಲೇ ಕೇಳಬೇಕು. ರಾಜೀನಾಮೆ ಕೊಟ್ಟವರಿಗಾಗಿ ನಿಯಮ ಸಡಿಲಿಸಲು ಯಾರೂ ಹೆಚ್ಚು ಶ್ರಮ ಪಡುವುದಿಲ್ಲ. ಮಂಜೂರಾದ ರಜೆಯಿಂದ ಗ್ರ್ಯಾಚುಯಿಟಿಯ ನಿರಂತರ ಸೇವೆಗೆ ಭಂಗವಿಲ್ಲ. ಆದರೆ ನೋಟಿಸ್ ಅವಧಿಯಲ್ಲಿ ತೆಗೆದ ರಜೆಯಷ್ಟು ದಿನ ನೋಟಿಸನ್ನೇ ಮುಂದೂಡುವ ಕಂಪನಿಗಳಿವೆ, ನೇಮಕಾತಿ ಪತ್ರ ತೆಗೆದು ನೋಡಬೇಕು.

ಇಷ್ಟಾದ ಮೇಲೆ ಉಳಿದ ಪತ್ರ ಇದು. ಅವಳು ಇಂಗ್ಲಿಷಿನಲ್ಲಿ ಕಳಿಸಿದ್ದರ ಒಕ್ಕಣೆ ಕನ್ನಡದಲ್ಲಿ ಹೀಗಾಗುತ್ತದೆ:

"ಮಾನ್ಯರೇ, ಹಿರಿಯ ಟೆಸ್ಟ್ ಎಂಜಿನಿಯರ್ ಹುದ್ದೆಗೆ ಈ ಮೂಲಕ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ನನ್ನ ಕೊನೆಯ ಕೆಲಸದ ದಿನ 2024ರ ಜುಲೈ 19, ಶುಕ್ರವಾರ. ನೇಮಕಾತಿ ಪತ್ರದಲ್ಲಿರುವ 90 ದಿನಗಳ ನೋಟಿಸ್ ಅವಧಿ ಅಷ್ಟರೊಳಗೆ ಪೂರ್ಣಗೊಳ್ಳುತ್ತದೆ. ಧಾರವಾಡದಲ್ಲಿರುವ ವಯಸ್ಸಾದ ತಂದೆ-ತಾಯಿಯ ಆರೈಕೆಗಾಗಿ ಅಲ್ಲಿಗೆ ವಾಸ ಬದಲಿಸುತ್ತಿದ್ದೇನೆ. ಮೇ ಮತ್ತು ಜೂನ್ ತಿಂಗಳಲ್ಲಿ ವಾರ ಬಿಟ್ಟು ವಾರ ಧಾರವಾಡದಿಂದ ಕೆಲಸ ಮಾಡಲು ತಾವು ಒಪ್ಪಿದ್ದೀರಿ. ಹಸ್ತಾಂತರದ ಪಟ್ಟಿಯನ್ನು ಲಗತ್ತಿಸಿದ್ದೇನೆ. ರಾಜೀನಾಮೆಯ ಸ್ವೀಕೃತಿಯನ್ನೂ ಕೊನೆಯ ದಿನಾಂಕವನ್ನೂ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ."

ನಡುವೆ ಪರಿಸ್ಥಿತಿ ಬದಲಾದರೆ ಇದನ್ನು ವಾಪಸು ಪಡೆಯಬಹುದೇ ಎಂದು ಅವಳು ಕೇಳಿದಳು. ಆರೈಕೆಗಾಗಿ ಹೊರಟವರು ಬಾಯಿಬಿಟ್ಟು ಹೇಳಲಾಗದ ಭಯ ಆ ಪ್ರಶ್ನೆಯೊಳಗಿರುತ್ತದೆ. ಮುಂದಿನ ದಿನಾಂಕದಿಂದ ಜಾರಿಗೆ ಬರುವ ರಾಜೀನಾಮೆಯನ್ನು ಆ ದಿನ ಬರುವ ಮೊದಲು ಹಿಂಪಡೆಯಬಹುದು ಎಂದು ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ. ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು 1977ರ ಮೇ ತಿಂಗಳಲ್ಲಿ, ಆಗಸ್ಟ್ 1ರಿಂದ ಜಾರಿಗೆ ಬರುವಂತೆ ರಾಜೀನಾಮೆ ಕೊಟ್ಟು, ಜುಲೈನಲ್ಲಿ ಮನಸ್ಸು ಬದಲಿಸಿದ ಪ್ರಕರಣ ಅದು. ಆದರೆ ಖಾಸಗಿ ಕಂಪನಿಯ ನೌಕರಿ ಒಪ್ಪಂದದ ಮೇಲೆ ನಿಂತಿರುತ್ತದೆ. ಒಮ್ಮೆ ಸ್ವೀಕೃತಿಯ ಪತ್ರ ಬಂದು, ಬದಲಿಗೆ ಬೇರೆಯವರ ನೇಮಕವೂ ಆಗಿದ್ದರೆ ಆ ತೀರ್ಪು ಹಿಡಿದು ಹೋಗಿ ಕುರ್ಚಿ ಕೇಳುವುದು ಸುಲಭವಲ್ಲ. ಹಿಂದೆಗೆಯುವ ಸಾಧ್ಯತೆ ನಿಜಕ್ಕೂ ಇದ್ದರೆ ರಾಜೀನಾಮೆಗಿಂತ ಮೊದಲು ಸಂಬಳರಹಿತ ರಜೆ ಕೇಳುವುದೇ ಸರಿ.

ಲಗತ್ತಿಸಿದ ಹಸ್ತಾಂತರದ ಪಟ್ಟಿಯ ಬಗ್ಗೆ ಹೇಳಲೇಬೇಕು. ಡೆವಲಪರ್ ಬಿಟ್ಟುಹೋದರೆ ಅವನ ಕೋಡ್ ಉಳಿಯುತ್ತದೆ. ಟೆಸ್ಟರ್ ಬಿಟ್ಟುಹೋದಾಗ ಟೆಸ್ಟ್ ಕೇಸ್‌ಗಳು ಉಳಿದರೂ ಯಾವ ಪರೀಕ್ಷೆಯ ಸೋಲನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂಬ ತಿಳಿವಳಿಕೆ ಎಲ್ಲೂ ಬರೆದಿರುವುದಿಲ್ಲ. ಅವಳ ತಂಡದಲ್ಲಿ ದಿನದ ವಹಿವಾಟಿನ ಮೊತ್ತ ತಾಳೆ ನೋಡುವ ಒಂದು ಸ್ವಯಂಚಾಲಿತ ಪರೀಕ್ಷೆ ರಾತ್ರಿ ಓಟದಲ್ಲಿ ಫೇಲ್ ಆಗುತ್ತಿತ್ತು, ಬೆಳಗ್ಗೆ ಹತ್ತಕ್ಕೆ ಮತ್ತೆ ಓಡಿಸಿದರೆ ಪಾಸ್. ಸುಮ್ಮಸುಮ್ಮನೆ ಫೇಲ್ ಆಗುವ ಪರೀಕ್ಷೆ ಎಂದು ಉಳಿದವರೆಲ್ಲ ಅದನ್ನು ಕಡೆಗಣಿಸಿದ್ದರು. ಕಾರಣ ಅವಳಿಗೆ ಗೊತ್ತಿತ್ತು. ಪರೀಕ್ಷೆಯ ಸರ್ವರ್‌ನ ಗಡಿಯಾರ ಗ್ರೀನ್‌ವಿಚ್ ವೇಳೆಯಲ್ಲಿತ್ತು, ಅದು ನಮ್ಮ ವೇಳೆಗಿಂತ ಐದೂವರೆ ಗಂಟೆ ಹಿಂದೆ. ರಾತ್ರಿ ಎರಡಕ್ಕೆ ಪರೀಕ್ಷೆ ಓಡಿದಾಗ ಇಲ್ಲಿ ಹೊಸ ದಿನ ಹುಟ್ಟಿರುತ್ತದೆ, ಸರ್ವರ್‌ಗೆ ಇನ್ನೂ ನಿನ್ನೆ. ಬೆಳಗಿನ ಐದೂವರೆಯವರೆಗೆ ಮಾತ್ರ ಈ ತಪ್ಪು ಕಾಣುತ್ತದೆ. ಆ ಹೊತ್ತು ದಾಟಿದ ಮೇಲೂ ಅದೇ ಪರೀಕ್ಷೆ ಫೇಲ್ ಆದರೆ ಆಗ ಮೊತ್ತದಲ್ಲೇ ನಿಜವಾದ ದೋಷವಿದೆ ಎಂದರ್ಥ. ಇದು ಬರೆದಿಡದೆ ಹೋದರೆ ಒಂದು ದಿನ ನಿಜವಾದ ಬಗ್ ಬಂದಾಗಲೂ 'ಅದು ಯಾವಾಗಲೂ ಹಂಗೇ' ಎಂದು ಯಾರೋ ರಿಲೀಸ್‌ಗೆ ಒಪ್ಪಿಗೆ ಕೊಡುತ್ತಾರೆ. ವ್ಯಾಪಾರಿಯ ಖಾತೆಗೆ ಹಣ ತಪ್ಪಾಗಿ ಬೀಳುತ್ತದೆ.

ಇನ್ನೂ ಎರಡು ಗಂಟುಗಳಿದ್ದವು. ರಾತ್ರಿ ಓಟ ಅವಳ ಹೆಸರಿನ ಪ್ರವೇಶ ಟೋಕನ್ ಮೇಲೆ ನಡೆಯುತ್ತಿತ್ತು. ಕೊನೆಯ ದಿನ ಸಂಜೆ ಅವಳ ಖಾತೆ ಮುಚ್ಚಿದರೆ ಅಂದಿನ ರಾತ್ರಿಯೇ ಓಟ ನಿಲ್ಲುತ್ತದೆ. ಪರೀಕ್ಷೆಗೆ ಬಳಸುವ ವ್ಯಾಪಾರಿ ಖಾತೆಗಳ ಒಟಿಪಿ ಬರುತ್ತಿದ್ದುದು ಅವಳ ಸ್ವಂತ ಮೊಬೈಲಿಗೆ. ಹಿಂದೆ ತುರ್ತಿನಲ್ಲಿ ಕೊಟ್ಟ ನಂಬರು ಹಾಗೇ ಉಳಿದುಬಿಟ್ಟಿತ್ತು. ಇವೆರಡನ್ನೂ ತಂಡದ ಹೆಸರಿಗೆ ಬದಲಿಸಿದರೆ ಸಾಲದು, ಬದಲಾಗಿದೆಯೇ ಎಂದು ಪರೀಕ್ಷಿಸಬೇಕು. ಅದಕ್ಕೆ ಧಾರವಾಡದ ವಾರಗಳೇ ಒದಗಿದವು. ಒಂದು ವಾರ ತನ್ನ ಪ್ರವೇಶವನ್ನು ತಾತ್ಕಾಲಿಕವಾಗಿ ನಿಲ್ಲಿಸಲು ಹೇಳಿ, ಏನಾದರೂ ಕೇಳುವುದಿದ್ದರೆ ಫೋನ್ ಮಾಡದೆ ಒಂದು ಕಡೆ ಬರೆದಿಡಿ ಎಂದಳು. ಹಾಗೆ ಬರೆದಿಟ್ಟ ಪ್ರಶ್ನೆಗಳೇ ಹಸ್ತಾಂತರದ ಪಟ್ಟಿಯಲ್ಲಿ ಬಿಟ್ಟುಹೋಗಿದ್ದ ಸಾಲುಗಳಾದವು. ಇಷ್ಟು ಮಾಡಿ ಹೋದವರಿಗೆ ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಹಳೆಯ ಕಚೇರಿಯಿಂದ ಫೋನ್ ಬರುವುದಿಲ್ಲ.

ಪಿಎಫ್ ವಿಷಯ ಚಿಕ್ಕದು. ನನ್ನ ತಂಡದಲ್ಲಿದ್ದ ಎರಡು ವರ್ಷದ್ದನ್ನೂ ಅವಳು ಹಿಂದೆಯೇ ವರ್ಗಾಯಿಸಿಕೊಂಡಿದ್ದಳು, ಒಟ್ಟು ಏಳು ವರ್ಷ. ಪಿಎಫ್‌ನ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಈಗಲೇ ಪಿಂಚಣಿ ಭಾಗ ತೆಗೆದುಕೊಂಡರೆ ಆ ಏಳು ವರ್ಷ ಅಳಿಸಿಹೋಗುತ್ತದೆ. ಸ್ಕೀಮ್ ಸರ್ಟಿಫಿಕೇಟ್ ಪಡೆದಿಟ್ಟುಕೊಂಡರೆ ಮುಂದೆ ಹುಬ್ಬಳ್ಳಿಯಲ್ಲೋ ಬೇರೆಲ್ಲೋ ಪಿಎಫ್ ಇರುವ ಕೆಲಸಕ್ಕೆ ಸೇರಿದಾಗ ಅಲ್ಲಿಂದ ಎಣಿಕೆ ಮುಂದುವರಿಯುತ್ತದೆ. ಹೊರಡುವ ದಿನ ರಿಲೀವಿಂಗ್ ಲೆಟರ್‌ನಲ್ಲಿ ಸೇರಿದ ಮತ್ತು ಬಿಟ್ಟ ದಿನಾಂಕಗಳು 15 ಜುಲೈ 2019, 19 ಜುಲೈ 2024 ಎಂದೇ ಇವೆಯೇ ಎಂದು ನೋಡಿಕೊಂಡಳು. ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ನಮೂದಿಸಬೇಕು. ನಮೂದಿಸದಿದ್ದರೆ ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾದ ಮೇಲೆ ಸದಸ್ಯರೇ ಯುಎಎನ್ ಪೋರ್ಟಲ್‌ನಲ್ಲಿ ಅದನ್ನು ತುಂಬಬಹುದು.